ಮಗನ ಸರ್ಟಿಫಿಕೇಟು, ಅಪ್ಪನ ಡಯಾಲಿಸಿಸ್ ಬಿಲ್ಲು: ಆದಾಯ ತೆರಿಗೆಯಲ್ಲಿ ಎರಡೂ ಸಿಗುತ್ತಾ?

ಪ್ರಶ್ನೆ: ಸರ್, ನಾನು ಬಳ್ಳಾರಿಯವನು. ತೋರಣಗಲ್ಲು ಕಡೆ ಕಾರ್ಖಾನೆಯಲ್ಲಿ ಕೆಲಸ, ವರ್ಷಕ್ಕೆ 14.5 ಲಕ್ಷ ಸಂಬಳ. ಹತ್ತು ವರ್ಷದ ಮಗನಿಗೆ ಸೆರೆಬ್ರಲ್ ಪಾಲ್ಸಿ, ಯುಡಿಐಡಿ ಕಾರ್ಡಿನಲ್ಲಿ ಅಂಗವೈಕಲ್ಯ ಶೇ 80 ಅಂತ ಇದೆ. ಅಪ್ಪನಿಗೆ 67 ವರ್ಷ, ಎರಡೂ ಕಿಡ್ನಿ ಫೇಲ್, ವಾರಕ್ಕೆ ಎರಡು ಸಲ ಡಯಾಲಿಸಿಸ್. 2025-26ರಲ್ಲಿ ಅವರಿಗೆ ಕೈಯಿಂದ 1.72 ಲಕ್ಷ ಖರ್ಚಾಗಿದೆ, ಇನ್ಶೂರೆನ್ಸ್ ಇಲ್ಲ. ಪಿಎಫ್, ಎಲ್‌ಐಸಿ 1.5 ಲಕ್ಷ, ಮನೆ ಸಾಲದ ಬಡ್ಡಿ 1.8 ಲಕ್ಷ. ಆಫೀಸಿನಲ್ಲಿ ಮಗನ ಬಿಲ್ಲುಗಳನ್ನು ತಂದರೇನೇ ಕಡಿತ ಅಂತಾರೆ. ಅಪ್ಪನ ಹೆಸರಲ್ಲಿ ಸಿರುಗುಪ್ಪದ ಹತ್ತಿರ ಎರಡು ಎಕರೆ ಇದೆ, ಲಾವಣಿಯಿಂದ 40 ಸಾವಿರ ಬರುತ್ತೆ, ಅದಕ್ಕೇ ಅವರದ್ದು ಆಗಲ್ಲ ಅಂತಾರೆ. ಏನು ಮಾಡಲಿ?

ಉತ್ತರ: ಎರಡೂ ಸಿಗುತ್ತವೆ. ಆದರೆ ಬಿಲ್ಲು ಹುಡುಕೋಕೆ ಹೋಗೋ ಮುಂಚೆ ಒಂದು ಕೆಲಸ ಮಾಡಬೇಕು. ನೀವು ಹಳೇ ತೆರಿಗೆ ಪದ್ಧತಿಯಲ್ಲಿ ಇರ್ತೀರಾ, ಹೊಸದರಲ್ಲಾ ಅನ್ನೋದನ್ನು ಮೊದಲು ಲೆಕ್ಕ ಹಾಕಿ ನೋಡಬೇಕು. ಯಾಕಂದರೆ ಈ ಎರಡು ಕಡಿತಗಳೂ, ಅಂದರೆ ಮಗನಿಗೆ ಸಂಬಂಧಿಸಿದ 80ಡಿಡಿ ಮತ್ತು ಅಪ್ಪನಿಗೆ ಸಂಬಂಧಿಸಿದ 80ಡಿಡಿಬಿ, ಹಳೇ ಪದ್ಧತಿಯಲ್ಲಿ ಮಾತ್ರ ಸಿಗುತ್ತವೆ. ಹೊಸ ಪದ್ಧತಿಯಲ್ಲಿ ಎಷ್ಟೇ ಗಟ್ಟಿ ದಾಖಲೆ ಇದ್ದರೂ ಒಂದು ರೂಪಾಯಿ ಸಿಗಲ್ಲ. ನೀವೇನೂ ಹೇಳದೆ ಸುಮ್ನಿದ್ದರೆ ಇಲಾಖೆ ನಿಮ್ಮನ್ನು ಹೊಸದಕ್ಕೇ ಹಾಕುತ್ತೆ.

ಇಲ್ಲಿ ಬೇರೆ ಓದುಗರಿಗೂ ಒಂದು ಮಾತು. 2025-26ರಲ್ಲಿ ಬರೀ ಸಂಬಳದ ಆದಾಯ ಇದ್ದು, ಅದು 12.75 ಲಕ್ಷದೊಳಗೆ ಇದ್ದರೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬರಲ್ಲ. ಅಂಥವರು ಈ ಕಡಿತಕ್ಕಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯೋದು ಬೇಡ. ಕೊಪ್ಪಳದಿಂದ ಒಬ್ಬ ತಾಯಿ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನನ್ನ ಹತ್ತಿರ ಬಂದಿದ್ದರು. ಸರ್ಟಿಫಿಕೇಟಿಗೆ ಅಂತ ಮೂರು ದಿನ ರಜೆ ಹಾಕಿ ಓಡಾಡಿದ್ದರು. ಅವರ ಸಂಬಳ ನೋಡಿದರೆ ತೆರಿಗೆಯೇ ಇರಲಿಲ್ಲ. ಮೊದಲೇ ಯಾರಾದರೂ ಹೇಳಬಾರದಿತ್ತಾ ಅಂತ ನನಗೆ ಬಹಳ ಬೇಜಾರಾಯ್ತು. (ಆ ಸರ್ಟಿಫಿಕೇಟು ಪಿಂಚಣಿಗೆ, ಬಸ್ ಪಾಸಿಗೆ ಬೇಕೇ ಬೇಕು, ಅದು ಬೇರೆ ಮಾತು.)

ನಿಮ್ಮ ಸಂಬಳ ಆ ಗೆರೆ ದಾಟಿದೆ. ಹಾಗಾಗಿ ಲೆಕ್ಕ ಮಾಡೋಣ, ಆದರೆ ಅದಕ್ಕೆ ಮುಂಚೆ ಮಗನದು, ಅಪ್ಪನದು ಎಷ್ಟೆಷ್ಟು ಅಂತ ಗೊತ್ತಾಗಬೇಕು.

ಮೊದಲು ಮಗ. 80ಡಿಡಿ ವಿಷಯದಲ್ಲಿ ನಿಮ್ಮ ಆಫೀಸಿನವರು ಹೇಳಿದ್ದು ತಪ್ಪು. ಈ ಕಡಿತ ಖರ್ಚಿನ ಅಳತೆಯ ಮೇಲೆ ಬರೋದಲ್ಲ. ಅಂಗವೈಕಲ್ಯ ಶೇ 40ರಿಂದ ಶೇ 80ರ ಒಳಗೆ ಇದ್ದರೆ 75,000, ಶೇ 80 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1,25,000 ರೂಪಾಯಿ, ಇಡೀ ಮೊತ್ತ ಸಿಗುತ್ತೆ. ನೀವು ಫಿಜಿಯೋಥೆರಪಿಗೆ ವರ್ಷಕ್ಕೆ 18 ಸಾವಿರ ಕೊಟ್ಟಿರಲಿ, 3 ಲಕ್ಷ ಕೊಟ್ಟಿರಲಿ, ಕಡಿತ ಅಷ್ಟೇ. ಚಿಕಿತ್ಸೆ, ಆರೈಕೆ, ತರಬೇತಿ ಅಥವಾ ಪುನರ್ವಸತಿಗೆ ನೀವು ಏನಾದರೂ ಖರ್ಚು ಮಾಡಿರಬೇಕು ಅಂತ ಕಾನೂನು ಕೇಳುತ್ತೆ, ಎಷ್ಟು ಅಂತ ಕೇಳಲ್ಲ. ಆದ್ದರಿಂದ ಒಂದೆರಡು ರಸೀದಿ ಎತ್ತಿಡಿ, ಸಾಕು. ಕಾರ್ಡಿನಲ್ಲಿ ನಿಮ್ಮ ಮಗನದು ಸರಿಯಾಗಿ ಶೇ 80 ಇದೆ ಅಲ್ವಾ? ಶೇ 80 ಅಂದರೆ ತೀವ್ರ ಅಂಗವೈಕಲ್ಯದ ಲೆಕ್ಕಕ್ಕೇ ಬರುತ್ತೆ, 1,25,000 ನಿಮ್ಮದು. ಶೇ 79 ಇದ್ದಿದ್ದರೆ 75,000ಕ್ಕೆ ಇಳಿಯುತ್ತಿತ್ತು.

ಇನ್ನು ಸರ್ಟಿಫಿಕೇಟು. ಇಲ್ಲೇ ಬಹಳ ಜನ ಎಡವೋದು. ಕಣ್ಣು, ಕಿವಿ, ಕೈಕಾಲಿನ ವೈಕಲ್ಯ ಇದ್ದವರಿಗೆ ಮಾಮೂಲಿ ಅಂಗವೈಕಲ್ಯ ಪ್ರಮಾಣಪತ್ರ ನಡೆಯುತ್ತೆ. ಆದರೆ ಸೆರೆಬ್ರಲ್ ಪಾಲ್ಸಿ, ಆಟಿಸಂ ಮತ್ತು ಬಹುವಿಧ ವೈಕಲ್ಯ, ಈ ಮೂರಕ್ಕೆ ಆದಾಯ ತೆರಿಗೆ ನಿಯಮದಲ್ಲೇ ಬೇರೆ ನಮೂನೆ ಇದೆ. ಅದರ ಹೆಸರು Form 10-IA. ಯುಡಿಐಡಿ ಕಾರ್ಡ್ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ, ಇದನ್ನೂ ಮಾಡಿಸಿಕೊಳ್ಳಿ. ಸಹಿ ಮಾಡೋಕೆ ನರರೋಗ ತಜ್ಞರಾಗಬಹುದು, ಮಗುವಾದ್ದರಿಂದ ಮಕ್ಕಳ ನರರೋಗ ತಜ್ಞರಾಗಬಹುದು, ಅಥವಾ ಸರ್ಕಾರಿ ಆಸ್ಪತ್ರೆಯ ಸಿವಿಲ್ ಸರ್ಜನ್ ಇಲ್ಲವೇ ಮುಖ್ಯ ವೈದ್ಯಾಧಿಕಾರಿ ಆಗಬಹುದು. ನಮ್ಮ ಕಡೆ ಮಕ್ಕಳ ನರರೋಗ ತಜ್ಞರು ಸಿಗೋದು ಕಷ್ಟ, ಅದಕ್ಕೆ ಬೆಂಗಳೂರು, ಹೈದರಾಬಾದ್ ಅಂತ ಹೊರಡೋ ಮುಂಚೆ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ನಮೂನೆಯನ್ನು ನೀವೇ ಪ್ರಿಂಟ್ ತೆಗೆದು, ಕಾರ್ಡಿನ ಜೆರಾಕ್ಸ್, ಮಗನ ಹಳೇ ವರದಿಗಳ ಜೊತೆ ತೆಗೆದುಕೊಂಡು ಹೋಗಿ. ಎಷ್ಟೋ ಕಡೆ ವೈದ್ಯರಿಗೆ ಈ ನಮೂನೆ ಗೊತ್ತೇ ಇರಲ್ಲ. ಕೈಯಲ್ಲಿ ಕಾಗದ ಇದ್ದರೆ ಅರ್ಧ ಗಂಟೆಯ ಕೆಲಸ, ಇಲ್ಲದಿದ್ದರೆ "ನಾಳೆ ಬನ್ನಿ".

ಸಹಿಯಾದ ಮೇಲೆ ಅದನ್ನು ಫೈಲಿನಲ್ಲಿ ಇಟ್ಟುಕೊಂಡರೆ ಆಗಲ್ಲ. ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ e-File, ಅದರೊಳಗೆ Income Tax Forms, ಅದರೊಳಗೆ File Income Tax Forms ಅಂತ ಹೋಗಿ 10-IA ಹುಡುಕಿ, ಸರ್ಟಿಫಿಕೇಟಿನ ಸ್ಕ್ಯಾನ್ ಹಾಕಿ ಸಲ್ಲಿಸಬೇಕು. ಆಗ ಒಂದು ಸ್ವೀಕೃತಿ ಸಂಖ್ಯೆ ಬರುತ್ತೆ. ರಿಟರ್ನ್ ತುಂಬುವಾಗ Schedule 80DD ಅನ್ನೋ ಭಾಗದಲ್ಲಿ ಆ ಸಂಖ್ಯೆ, ತಾರೀಖು, ಮಗನ ಆಧಾರ್ ಮತ್ತು ಯುಡಿಐಡಿ ನಂಬರ್ ಕೇಳುತ್ತೆ. ಅದಕ್ಕೇ ಈ ನಮೂನೆ ಮೊದಲು, ರಿಟರ್ನ್ ಆಮೇಲೆ.

ಮಗುವಿನ ಸರ್ಟಿಫಿಕೇಟಿನಲ್ಲಿ ಇನ್ನೊಂದು ಸಾಲು ನೋಡಿ. ಬೆಳೆಯೋ ಮಕ್ಕಳಿಗೆ ಸಾಮಾನ್ಯವಾಗಿ "ಇಷ್ಟು ವರ್ಷದ ನಂತರ ಮರುಪರೀಕ್ಷೆ" ಅಂತ ಅವಧಿ ಹಾಕಿರ್ತಾರೆ. ಅವಧಿ ಮುಗಿದ ವರ್ಷದ ಮಟ್ಟಿಗೆ ಕಡಿತ ನಡೆಯುತ್ತೆ, ಅದರ ಮುಂದಿನ ವರ್ಷದಿಂದ ಇಲ್ಲ. ಉದಾಹರಣೆಗೆ 2025ರ ಆಗಸ್ಟ್‌ಗೆ ಅವಧಿ ಮುಗಿದಿದ್ದರೂ 2025-26ಕ್ಕೆ ತೊಂದರೆ ಇಲ್ಲ, 2026-27ಕ್ಕೆ ಹೊಸದು ಬೇಕು. ಸಿಂಧನೂರಿನ ಒಬ್ಬ ಮೇಷ್ಟ್ರು ಇದನ್ನು ಗಮನಿಸದೆ ಎರಡು ವರ್ಷ ಹಳೇ ಸರ್ಟಿಫಿಕೇಟಿನ ಮೇಲೇ ಹಾಕಿಕೊಂಡು ಹೋಗಿ, ಆಮೇಲೆ ಬಡ್ಡಿ ಸಮೇತ ಕಟ್ಟಿದರು.

ನಿಮ್ಮ ಮನೆಯವರೂ ತೆರಿಗೆ ಕಟ್ಟುವ ಕೆಲಸದಲ್ಲಿದ್ದರೆ ಮಗನ ಕಡಿತವನ್ನು ಇಬ್ಬರೂ ಹಾಕಬೇಡಿ. ಮಗು ಮುಖ್ಯವಾಗಿ ಯಾರ ಆಸರೆಯಲ್ಲಿ ಇದೆಯೋ ಅವರು ಹಾಕಲಿ.

ಈಗ ಅಪ್ಪ. 80ಡಿಡಿಬಿ ಸ್ವಭಾವವೇ ಬೇರೆ. ಇಲ್ಲಿ ಖರ್ಚು ಮಾಡಿದಷ್ಟೇ, ಅದೂ ಒಂದು ಮಿತಿಯವರೆಗೆ. ರೋಗಿ 60 ದಾಟಿದ್ದರೆ 1,00,000, ಇಲ್ಲದಿದ್ದರೆ 40,000. ಎಲ್ಲ ಕಾಯಿಲೆಗೂ ಇಲ್ಲ. ನಿಯಮದಲ್ಲಿ ಪಟ್ಟಿ ಇದೆ: ಕ್ಯಾನ್ಸರ್, ದೀರ್ಘಕಾಲದ ಮೂತ್ರಪಿಂಡ ವೈಫಲ್ಯ, ಉಲ್ಬಣಗೊಂಡ ಏಡ್ಸ್, ಹಿಮೋಫಿಲಿಯಾ, ಥಲಸೀಮಿಯಾ, ಮತ್ತೆ ಪಾರ್ಕಿನ್ಸನ್ಸ್, ಡಿಮೆನ್ಷಿಯಾ ಥರದ ಕೆಲವು ನರರೋಗಗಳು. ನರರೋಗವಾದರೆ ವೈಕಲ್ಯ ಕನಿಷ್ಠ ಶೇ 40 ಅಂತ ದೃಢಪಟ್ಟಿರಬೇಕು. ಸ್ಟೆಂಟ್, ಬೈಪಾಸ್, ಸಕ್ಕರೆ ಕಾಯಿಲೆ ಇದರಲ್ಲಿ ಇಲ್ಲ. ರಾಯಚೂರಿನಿಂದ ಬರುವ ಪ್ರಶ್ನೆಗಳಲ್ಲಿ ಅರ್ಧ ಹೃದಯದ ಆಪರೇಷನ್ ಬಗ್ಗೆಯೇ ಇರುತ್ತೆ. ಲಕ್ಷಗಟ್ಟಲೆ ಸಾಲ ಮಾಡಿದವರಿಗೆ "ಇಲ್ಲ" ಅಂತ ಹೇಳೋಕೆ ಬಾಯಿ ಬರಲ್ಲ, ಆದರೆ ಇಲ್ಲ ಅನ್ನೋದೇ ನಿಜ. ಲಕ್ವಾ ಹೊಡೆದವರಿಗೂ ಹಾಗೆಯೇ, ಬರೀ ಲಕ್ವಾ ಅಂದರೆ ಪಟ್ಟಿಯಲ್ಲಿ ಬರಲ್ಲ. ಆದರೆ ಕೈಕಾಲು ಸ್ವಾಧೀನ ತಪ್ಪಿ ಅಂಗವೈಕಲ್ಯದ ಸರ್ಟಿಫಿಕೇಟ್ ಸಿಕ್ಕಿದ್ದರೆ ಅವರನ್ನು ಸಾಕುವ ಮಗನಿಗೋ ಮಗಳಿಗೋ 80ಡಿಡಿ ದಾರಿ ತೆರೆದಿರುತ್ತೆ. ಆ ಕಡೆಯಿಂದ ಯೋಚನೆ ಮಾಡಿ.

ನಿಮ್ಮ ಅಪ್ಪನ ಕಾಯಿಲೆ ಪಟ್ಟಿಯಲ್ಲಿದೆ. ಉಳಿದದ್ದು ಎರಡು ಎಕರೆಯ ಮಾತು. ಕಾನೂನು ಹೇಳೋದು "ಪೂರ್ತಿಯಾಗಿ ಅಥವಾ ಮುಖ್ಯವಾಗಿ" ನಿಮ್ಮ ಆಸರೆಯಲ್ಲಿರಬೇಕು ಅಂತ. ಒಂದು ಪೈಸೆ ಆದಾಯ ಇರಬಾರದು ಅಂತ ಎಲ್ಲೂ ಇಲ್ಲ, ಇಂತಿಷ್ಟು ರೂಪಾಯಿ ಅನ್ನೋ ಗೆರೆಯೂ ಇಲ್ಲ. ಲಾವಣಿ 40 ಸಾವಿರ, ಡಯಾಲಿಸಿಸ್ ಒಂದಕ್ಕೇ ನೀವು ಹಾಕಿದ್ದು 1.72 ಲಕ್ಷ, ಅದರ ಮೇಲೆ ಊಟ, ಮನೆ, ಓಡಾಟ ಎಲ್ಲ ನಿಮ್ಮದು. ಇದಕ್ಕಿಂತ ಮುಖ್ಯವಾದ ಆಸರೆ ಇನ್ನೇನಿದೆ? ನನ್ನ ಮಟ್ಟಿಗೆ ಇದು ಸ್ಪಷ್ಟ. ಹಣ ನಿಮ್ಮ ಖಾತೆಯಿಂದ ಹೋಗಿದ್ದು ಕಾಣಬೇಕು, ಅಷ್ಟು ನೋಡಿಕೊಳ್ಳಿ. ಅಪ್ಪನಿಗೆ ತಿಂಗಳಿಗೆ 35 ಸಾವಿರ ಪಿಂಚಣಿ ಬರುತ್ತಿದ್ದು ಖರ್ಚೂ ಅವರ ಖಾತೆಯಿಂದ ಹೋಗಿದ್ದರೆ ನಾನು ಇದೇ ಮಾತು ಹೇಳುತ್ತಿರಲಿಲ್ಲ.

ಖರ್ಚಿನಲ್ಲಿ ಯಾವುದು ಸೇರುತ್ತೆ ಅಂದರೆ ಚಿಕಿತ್ಸೆಗೆ ನಿಜವಾಗಿ ಕೊಟ್ಟ ಹಣ. ಡಯಾಲಿಸಿಸ್ ಶುಲ್ಕ, ಡಯಲೈಸರ್, ರಕ್ತ ಹೆಚ್ಚಿಸೋ ಇಂಜೆಕ್ಷನ್, ಔಷಧಿ, ಲ್ಯಾಬ್ ಪರೀಕ್ಷೆ, ಫಿಸ್ಟುಲಾ ಮಾಡಿಸಿದ್ದರೆ ಅದು. ಆಟೋ, ಬಸ್ ಚಾರ್ಜು ಸೇರಿಸಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲವು ಸಲ ಉಚಿತವಾಗಿ ಡಯಾಲಿಸಿಸ್ ಆಗಿದ್ದರೆ ಅದಕ್ಕೆ ಲೆಕ್ಕವೇ ಇಲ್ಲ, ನೀವು ಕೊಟ್ಟಿಲ್ಲವಲ್ಲ. ಬಿಲ್ಲುಗಳದ್ದೊಂದು ಕಿವಿಮಾತು. ಮೆಡಿಕಲ್ ಶಾಪಿನ ಮಿಷಿನ್ ಬಿಲ್ಲು ನಮ್ಮ ಬಳ್ಳಾರಿ ಬಿಸಿಲಿಗೆ ಮೂರು ತಿಂಗಳಲ್ಲಿ ಬೆಳ್ಳಗಾಗಿಬಿಡುತ್ತೆ. ಒಬ್ಬರು ಅಕ್ಕಿ ಚೀಲದ ತುಂಬ ಬಿಲ್ಲು ತಂದು ನನ್ನ ಟೇಬಲ್ಲಿನ ಮೇಲೆ ಸುರಿದರು, ಅದರಲ್ಲಿ ಕಾಲು ಭಾಗದಲ್ಲಿ ಅಂಗಡಿ ಹೆಸರೂ ಕಾಣುತ್ತಿರಲಿಲ್ಲ, ತಾರೀಖೂ ಕಾಣುತ್ತಿರಲಿಲ್ಲ. ತಂದ ದಿನವೇ ಮೊಬೈಲಿನಲ್ಲಿ ಫೋಟೋ ಹೊಡೆದಿಡಿ.

ಬಿಲ್ಲಿಗಿಂತ ದೊಡ್ಡದು ವೈದ್ಯರ ಚೀಟಿ. 80ಡಿಡಿಬಿ ನಿಂತಿರೋದೇ ಅದರ ಮೇಲೆ. ಮೊದಲು ಇದಕ್ಕೂ ಒಂದು ನಮೂನೆ ಇತ್ತು, 2015ರಲ್ಲಿ ಅದನ್ನು ತೆಗೆದರು. ಈಗ ತಜ್ಞರ ಪ್ರಿಸ್ಕ್ರಿಪ್ಷನ್ ಸಾಕು. ಆದರೆ ಯಾವ ತಜ್ಞರು ಅನ್ನೋದನ್ನು ನಿಯಮ ಬಿಡಿಸಿ ಹೇಳಿದೆ. ಕಿಡ್ನಿ ವೈಫಲ್ಯಕ್ಕೆ ಡಿಎಂ ಮಾಡಿದ ನೆಫ್ರಾಲಜಿಸ್ಟ್ ಅಥವಾ ಎಂಸಿಎಚ್ ಮಾಡಿದ ಯೂರಾಲಜಿಸ್ಟ್, ಅಥವಾ ಅದಕ್ಕೆ ಸಮನಾದ ಮಾನ್ಯ ಪದವಿ ಇರುವವರು. ನಮ್ಮ ಕಡೆ ಎಷ್ಟೋ ಖಾಸಗಿ ಡಯಾಲಿಸಿಸ್ ಕೇಂದ್ರಗಳನ್ನು ದಿನಾ ನೋಡಿಕೊಳ್ಳೋದು ಎಂಡಿ ಜನರಲ್ ಮೆಡಿಸಿನ್ ಡಾಕ್ಟರು, ನೆಫ್ರಾಲಜಿಸ್ಟ್ ಬರೋದು ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ. ಚೀಟಿಗೆ ಸಹಿ ಮಾಡೋದು ದಿನಾ ಸಿಗೋರು. ಗಂಗಾವತಿಯ ನನ್ನ ಕಕ್ಷಿದಾರರೊಬ್ಬರಿಗೆ ಇದರಲ್ಲೇ ಪೆಟ್ಟು ಬಿತ್ತು. ಬಿಲ್ಲೆಲ್ಲ ಸರಿ ಇತ್ತು, ಕಾಯಿಲೆ ಸುಳ್ಳಲ್ಲ, ಆದರೆ ಖಾಸಗಿ ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಎಂಡಿ ಡಾಕ್ಟರ ಸಹಿ. ಪರಿಶೀಲನೆಯಲ್ಲಿ ಕಡಿತ ಹೋಯಿತು. ಆ ನೆಫ್ರಾಲಜಿಸ್ಟ್ ಅದೇ ಆಸ್ಪತ್ರೆಗೆ ತಿಂಗಳಿಗೆ ಎರಡು ಸಲ ಬರ್ತಿದ್ದರು, ಅವರ ಸಹಿ ತಗೊಂಡಿದ್ದರೆ ಸಾಕಿತ್ತು.

ಅದೇ ಎಂಡಿ ಡಾಕ್ಟರು ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ಣಾವಧಿ ಕೆಲಸದಲ್ಲಿದ್ದು, ನಿಮ್ಮ ಅಪ್ಪನ ಚಿಕಿತ್ಸೆಯೂ ಅಲ್ಲೇ ಆಗುತ್ತಿದ್ದರೆ ಅವರ ಚೀಟಿ ನಡೆಯುತ್ತೆ. ಬಳ್ಳಾರಿಯಲ್ಲಿ ಮೊದಲು ವಿಮ್ಸ್ ಅಂತಿದ್ದ ಬಿಎಂಸಿಆರ್‌ಸಿ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ತೋರಿಸುವವರಿಗೆ ಇದು ದೊಡ್ಡ ಅನುಕೂಲ. ಚೀಟಿಯಲ್ಲಿ ಅಪ್ಪನ ಹೆಸರು, ವಯಸ್ಸು, ಕಾಯಿಲೆಯ ಹೆಸರು, ವೈದ್ಯರ ಹೆಸರು, ವಿಳಾಸ, ಪದವಿ, ನೋಂದಣಿ ಸಂಖ್ಯೆ ಇರಬೇಕು, ಸರ್ಕಾರಿ ಆಸ್ಪತ್ರೆಯಾದರೆ ಅದರ ಹೆಸರು ವಿಳಾಸ ಕೂಡ. ಕಾಯಿಲೆಯ ಹೆಸರನ್ನು "ಸಿಕೆಡಿ" ಅಂತ ಮೂರಕ್ಷರದಲ್ಲಿ ಬರೆದು ಬಿಡೋದು ರೂಢಿ. ನಿಯಮದಲ್ಲಿರುವ ಮಾತು "ಕ್ರಾನಿಕ್ ರೀನಲ್ ಫೇಲ್ಯೂರ್", ಅದನ್ನೇ ಬಿಡಿಸಿ ಬರೆದುಕೊಡಿ ಅಂತ ಕೇಳಿ. ಚೀಟಿ ಇನ್ನೂ ತಗೊಂಡಿಲ್ಲ ಅಂದರೆ ಈಗಲೇ ತಗೊಳ್ಳಿ, ಚಿಕಿತ್ಸೆ ಯಾವಾಗಿಂದ ನಡೀತಿದೆ ಅನ್ನೋದನ್ನು ಅದರಲ್ಲಿ ಬರೆಸಿ. ಹಿಂದಿನ ತಾರೀಖು ಹಾಕಿಸೋಕೆ ಮಾತ್ರ ಹೋಗಬೇಡಿ.

ನಿಮಗೆ ಇನ್ಶೂರೆನ್ಸ್ ಇಲ್ಲ, ಸರಿ. ಇದ್ದವರು ಒಂದು ಲೆಕ್ಕ ತಪ್ಪು ಮಾಡ್ತಾರೆ. 1.72 ಲಕ್ಷ ಖರ್ಚಾಗಿ ವಿಮಾ ಕಂಪನಿಯಿಂದ 60 ಸಾವಿರ ಬಂದಿದ್ದರೆ, ಕೈಯಿಂದ ಹೋಗಿದ್ದು 1.12 ಲಕ್ಷ, ಆದ್ದರಿಂದ ಪೂರ್ತಿ 1 ಲಕ್ಷ ಸಿಗುತ್ತೆ ಅಂದುಕೊಳ್ತಾರೆ. ಹಾಗಲ್ಲ. ಮೊದಲು 1 ಲಕ್ಷದ ಮಿತಿ, ಆಮೇಲೆ ಅದರಿಂದ 60 ಸಾವಿರ ಕಳೆಯಬೇಕು. ಸಿಗೋದು 40 ಸಾವಿರ. ಕೆಲಸ ಮಾಡೋ ಕಂಪನಿ ಕೊಡುವ ಮರುಪಾವತಿಗೂ ಇದೇ ನಿಯಮ.

ನಿಮ್ಮ 1.72 ಲಕ್ಷದಲ್ಲಿ 1 ಲಕ್ಷ ಇಲ್ಲಿ ಮುಗೀತು. ಉಳಿದ 72 ಸಾವಿರ ಪೂರ್ತಿ ಹಾಳಾಗಬೇಕಿಲ್ಲ. ಅಪ್ಪ ಹಿರಿಯ ನಾಗರಿಕರು, ಅವರ ಮೇಲೆ ಆರೋಗ್ಯ ವಿಮೆ ಇಲ್ಲ, ಹಾಗಾಗಿ 80ಡಿ ಅಡಿಯಲ್ಲಿ ಅವರ ವೈದ್ಯಕೀಯ ಖರ್ಚಿಗೆ 50 ಸಾವಿರದವರೆಗೆ ಜಾಗ ಇದೆ. 80ಡಿಡಿಬಿಗೆ ತೋರಿಸಿದ ಬಿಲ್ಲುಗಳನ್ನೇ ಇಲ್ಲಿ ತೋರಿಸಬಾರದು, ಬೇರೆ ಬಿಲ್ಲು ಇರಬೇಕು. ಮತ್ತೆ ಇಲ್ಲಿ ನಗದು ನಡೆಯಲ್ಲ, ಫೋನ್‌ಪೇ, ಕಾರ್ಡು, ಚೆಕ್ಕು ಆಗಬೇಕು. ನಗದು ಕೊಟ್ಟ ಬಿಲ್ಲುಗಳನ್ನು 80ಡಿಡಿಬಿ ಕಡೆಗೆ, ಯುಪಿಐ ಬಿಲ್ಲುಗಳನ್ನು 80ಡಿ ಕಡೆಗೆ ವಿಂಗಡಿಸಿ ಎರಡು ಕವರ್ ಮಾಡಿ.

ಈಗ ಲೆಕ್ಕ. ಹೊಸ ಪದ್ಧತಿಯಲ್ಲಿ 14.5 ಲಕ್ಷದಿಂದ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 13.75 ಲಕ್ಷ. ಅದರ ಮೇಲೆ ಸೆಸ್ ಸೇರಿ ತೆರಿಗೆ 89,700 ರೂಪಾಯಿ. ಹಳೇದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50 ಸಾವಿರ ಹೋಗಿ 14 ಲಕ್ಷ, ಪಿಎಫ್ ಎಲ್‌ಐಸಿ 1.5 ಲಕ್ಷ, ಮನೆ ಬಡ್ಡಿ 1.8 ಲಕ್ಷ, ಮಗನದು 1.25, ಅಪ್ಪನದು 1 ಲಕ್ಷ, 80ಡಿ 50 ಸಾವಿರ, ಎಲ್ಲ ಕಳೆದರೆ ಉಳಿಯೋದು 7.95 ಲಕ್ಷ. ತೆರಿಗೆ 74,360. ಅಂದರೆ ಹಳೇ ಪದ್ಧತಿಯಲ್ಲಿ ನಿಮಗೆ 15,340 ರೂಪಾಯಿ ಉಳಿಯುತ್ತೆ. (ವೃತ್ತಿ ತೆರಿಗೆ ನಾನು ಹಿಡಿದಿಲ್ಲ, ಅದು ಹಳೇದರಲ್ಲಿ ಇನ್ನೊಂದಿಷ್ಟು ಕಡಿಮೆ ಮಾಡುತ್ತೆ.)

ಈಗ ನೆಫ್ರಾಲಜಿಸ್ಟ್ ಚೀಟಿ ಇಲ್ಲ ಅಂದುಕೊಳ್ಳಿ. 80ಡಿಡಿಬಿಯ 1 ಲಕ್ಷ ಬಿದ್ದುಹೋಗುತ್ತೆ, ಹಳೇ ಪದ್ಧತಿಯ ತೆರಿಗೆ 95,160ಕ್ಕೆ ಏರುತ್ತೆ, ಹೊಸದೇ ವಾಸಿ ಅನ್ನಿಸುತ್ತೆ. ನೋಡಿದಿರಾ, ನಿಮ್ಮ ವಿಷಯದಲ್ಲಿ ಯಾವ ಪದ್ಧತಿ ಅನ್ನೋದನ್ನು ತೀರ್ಮಾನ ಮಾಡೋದು ಆ ಒಂದು ಚೀಟಿ. ಮನೆ ಸಾಲ ಇಲ್ಲದವರ ಕಥೆಯೂ ಹಾಗೇ. ಮಗ, ಅಪ್ಪ ಇಬ್ಬರ ಕಡಿತ ಪೂರ್ತಿ ಸಿಕ್ಕರೂ ಇದೇ ಸಂಬಳಕ್ಕೆ ಹಳೇ ಪದ್ಧತಿಯ ತೆರಿಗೆ 1,11,800 ಆಗುತ್ತೆ, ಅವರು ಹೊಸದರಲ್ಲೇ ಇರಬೇಕು. ಮನಸ್ಸಿಗೆ ಇದು ಅನ್ಯಾಯ ಅನ್ನಿಸುತ್ತೆ, ನನಗೂ ಅನ್ನಿಸುತ್ತೆ. ಇಂಥ ಮಗುವನ್ನು ಸಾಕೋ ತಂದೆತಾಯಿಗೆ ಹೊಸ ಪದ್ಧತಿಯಲ್ಲೂ ಈ ಕಡಿತ ಇರಬೇಕಿತ್ತು. ಆದರೆ ಸದ್ಯಕ್ಕೆ ಕಾನೂನು ಹೀಗಿದೆ.

ಆಫೀಸಿನವರು ಹೊಸ ಪದ್ಧತಿಯಲ್ಲಿ ಟಿಡಿಎಸ್ ಹಿಡಿದಿದ್ದರೆ, ಫಾರಂ 16ರಲ್ಲಿ ಈ ಕಡಿತಗಳು ಕಾಣದಿದ್ದರೆ, ಅದರ ಬಗ್ಗೆ ಅವರ ಜೊತೆ ಜಗಳ ಬೇಡ. ಸಂಬಳದವರು ರಿಟರ್ನ್ ಹಾಕುವಾಗ ಹಳೇ ಪದ್ಧತಿ ಆರಿಸಿಕೊಂಡು ಎಲ್ಲವನ್ನೂ ನೇರವಾಗಿ ಹಾಕಬಹುದು, ಜಾಸ್ತಿ ಹಿಡಿದ ಹಣ ವಾಪಸ್ ಬರುತ್ತೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಸೆಕ್ಷನ್ ನಂಬರುಗಳು ಬದಲಾಗಿವೆ, ಆದರೆ 2025-26ರ ಆದಾಯಕ್ಕೆ ನಾನು ಹೇಳಿದ ಹಳೇ ನಂಬರುಗಳೇ.

ಒಂದು ತಾರೀಖು ಮಾತ್ರ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ: ಜುಲೈ 31. ಗಡುವಿನೊಳಗೆ ಹಾಕಿದ ರಿಟರ್ನ್‌ನಲ್ಲಿ ಮಾತ್ರ ಹಳೇ ಪದ್ಧತಿ ಆರಿಸೋಕೆ ಬರುತ್ತೆ. ತಡವಾಗಿ ಹಾಕಿದರೆ ಹೊಸದೇ ಗತಿ, ಆಗ ಮಗನ ನಮೂನೆ, ಅಪ್ಪನ ಚೀಟಿ ಎರಡೂ ಈ ವರ್ಷದ ತೆರಿಗೆಗೆ ಉಪಯೋಗಕ್ಕೆ ಬರಲ್ಲ. ಅದಕ್ಕೇ ಈ ವಾರ ಜಿಲ್ಲಾ ಆಸ್ಪತ್ರೆಗೆ ಹೋಗಿ 10-IA ಮಾಡಿಸಿ, ನೆಫ್ರಾಲಜಿಸ್ಟ್ ಮುಂದಿನ ಸಲ ಯಾವತ್ತು ಬರ್ತಾರೆ ಅಂತ ಡಯಾಲಿಸಿಸ್ ಕೇಂದ್ರದಲ್ಲಿ ಇವತ್ತೇ ಕೇಳಿ.